ಅಪ್‌ಡೇಟ್: ಪಲ್ಯ, ಬೇಳೆ ಮೊದಲು, ಅನ್ನ ಆಮೇಲೆ

"ಅನ್ನ ಕಡಿಮೆ ಮಾಡದೆ, ಪಲ್ಯ ಮತ್ತು ಬೇಳೆಯನ್ನು ಮೊದಲು ತಿಂದರೆ ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆಯೇ?" ಎಂದು ಕೇಳಿದ್ದೆ.

ವಿರಾಜಪೇಟೆಯ ನಮ್ಮ ಮನೆಯಲ್ಲಿ ಎರಡು ವಾರ ಪರೀಕ್ಷಿಸಿದೆ. ಮೊದಲ ಮೂರು ದಿನ ಬದಲಾವಣೆಯೇ ಕಾಣಲಿಲ್ಲ, ಏಕೆಂದರೆ ಎರಡು ತುತ್ತು ಪಲ್ಯದ ಬೆನ್ನಿಗೇ ಸಾರನ್ನ ಕಲಸುತ್ತಿದ್ದೆ. ಬಳಿಕ ಒಂದು ಬಟ್ಟಲು ಕಣಿಲೆ ಪಲ್ಯ ಅಥವಾ ಬೀನ್ಸ್ ಪಲ್ಯ, ಆಮೇಲೆ ಗಟ್ಟಿ ತೊವ್ವೆ ಮುಗಿಸಿ, ಹತ್ತು ನಿಮಿಷ ಬಿಟ್ಟು, ಮೊದಲಿನಷ್ಟೇ ಅನ್ನವನ್ನು ಬಡಿಸಿಕೊಂಡೆ. ಊಟ ಆರಂಭಿಸಿದ ಒಂದು ಗಂಟೆಗೆ 210ರ ಆಸುಪಾಸಿನಲ್ಲಿರುತ್ತಿದ್ದ ಸಕ್ಕರೆ 170ರ ಸುತ್ತ ನಿಂತಿತು. ಎರಡು ಗಂಟೆಯ ಅಂಕಿಗಳಲ್ಲಿ ಮಾತ್ರ ಅಂತರ ಅಲ್ಪ. ನಾರು ಮತ್ತು ಪ್ರೋಟೀನ್ ಮೊದಲು ಸೇರಿದಾಗ ಜಠರ ನಿಧಾನವಾಗಿ ಖಾಲಿಯಾಗುವುದರಿಂದ, ಅನ್ನದ ಗ್ಲೂಕೋಸ್ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ.

ಹಬ್ಬದ ದಿನ ಇದೇ ಕ್ರಮದಲ್ಲಿ ಐದು ಕಡಂಬುಟ್ಟು ತಿಂದಾಗ ಅಂಕಿ ಮತ್ತೆ 200 ದಾಟಿತು. ಅಕ್ಕಿ ತರಿಯ ಉಂಡೆಯೂ ಅನ್ನವೇ ಎಂಬುದು ನಾಲಿಗೆಗೆ ತಿಳಿಯದಿದ್ದರೂ ಗ್ಲೂಕೋಮೀಟರಿಗೆ ತಿಳಿಯುತ್ತದೆ. ನಾನು ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುತ್ತೇನೆ. ಊಟಕ್ಕೆ ಮುನ್ನ ಇನ್ಸುಲಿನ್ ಚುಚ್ಚಿಕೊಳ್ಳುವವರು ಅನ್ನವನ್ನು ತಡಮಾಡಿದರೆ ಸಕ್ಕರೆ ಕುಸಿಯಬಹುದಾದ್ದರಿಂದ, ವೈದ್ಯರನ್ನು ಕೇಳಿಯೇ ಆರಂಭಿಸಬೇಕು.