ರಿಯಾಕ್ಟರ್‌ಗೆ ನಿಯಂತ್ರಣ ರಾಡ್ ಇಳಿಸಿದಾಗ k ಎಷ್ಟು ಬೀಳುತ್ತದೆ? ನನ್ನ ಲೆಕ್ಕ ಅಳತೆಗೆ ಹೊಂದುತ್ತಿಲ್ಲ

ಪ್ರಶ್ನೆ: k ಅಂದರೆ ಒಂದು ಪೀಳಿಗೆಯ ನ್ಯೂಟ್ರಾನ್‌ಗಳಿಗೆ ಮುಂದಿನ ಪೀಳಿಗೆಯವು ಎಷ್ಟು ಪಟ್ಟು ಅನ್ನುವ ಸಂಖ್ಯೆ. ನ್ಯೂಟ್ರಾನ್ ಹೀರುವ ರಾಡ್‌ನ ಬೋರಾನ್ ಅಷ್ಟನ್ನೂ ಇಡೀ ಕೋರ್‌ಗೆ ಸಮನಾಗಿ ಹರಡಿದೆ ಅಂತ ಇಟ್ಟುಕೊಂಡು ಇಂಧನಕ್ಕೆ ಹೋಗುವ ನ್ಯೂಟ್ರಾನ್‌ಗಳ ಪಾಲಾದ f ಹೊಸದಾಗಿ ಕಂಡುಹಿಡಿದೆ, k ಲೆಕ್ಕದ ಉಳಿದ ಐದು ಅಂಶ ಮುಟ್ಟಲಿಲ್ಲ. ಅಳತೆಗಿಂತ ಸುಮಾರು ಮೂರು ಪಟ್ಟು ಜಾಸ್ತಿ k ಬೀಳುತ್ತಿದೆ. ಎಲ್ಲಿ ತಪ್ಪಿದೆ?

ಒಬ್ಬರು: ರಾಡ್ ಬದಲಿಸುವುದು f ಒಂದನ್ನೇ. ದಾರಿ ಸರಿ ಇದೆ, ಎಲ್ಲೋ ಗುಣಾಕಾರ ತಪ್ಪಿರಬೇಕು, ಇನ್ನೊಮ್ಮೆ ನೋಡಿ.

ರಿಯಾಕ್ಟರ್ ಫಿಸಿಕ್ಸ್‌ನಲ್ಲಿ ಕೆಲಸ ಮಾಡುವವರು: ಗುಣಾಕಾರ ಅಲ್ಲ, ಬೋರಾನ್ ಹರಡಿದ್ದೇ ತಪ್ಪು. ಬೋರಾನ್ ಕಾರ್ಬೈಡ್ ರಾಡ್‌ಗೆ ಬಂದ ನಿಧಾನ ನ್ಯೂಟ್ರಾನ್ ಒಂದು ಮಿಲಿಮೀಟರ್ ದಾಟುವುದೂ ಕಷ್ಟ, ಹೊರ ಪದರವೇ ಎಲ್ಲವನ್ನೂ ನುಂಗಿಬಿಡುತ್ತದೆ. ಒಳಗಿನ ಬೋರಾನ್‌ಗೆ ಕೆಲಸವೇ ಇಲ್ಲ, ಸುಮ್ನೆ ಕೂತಿರುತ್ತದೆ. ನೀವು ಹರಡಿದಾಗ ಅದಕ್ಕೂ ಊಟ ಬಡಿಸಿದಿರಿ.

ಎಷ್ಟು ಸೂಕ್ಷ್ಮ ಅಂತ ನೋಡಿ. η, ε ಇಂಧನದಲ್ಲಿ ನ್ಯೂಟ್ರಾನ್ ಹುಟ್ಟುವ ಲೆಕ್ಕ, p ನಿಧಾನವಾಗುವ ದಾರಿಯಲ್ಲಿ ಹೀರಲ್ಪಡದೆ ಪಾರಾಗುವ ಪಾಲು, P_f, P_t ಕೋರ್‌ನಿಂದ ಸೋರದೆ ಉಳಿಯುವ ಪಾಲು.

```
k = η · ε · p · f · P_f · P_t
1.65 × 1.02 × 0.87 × 0.711 × 0.97 × 0.99 ≈ 1.000
```

ಇಲ್ಲಿ f ಅಂದರೆ ಕೋರ್‌ನಲ್ಲಿ ಹೀರಲ್ಪಟ್ಟ 100 ನಿಧಾನ ನ್ಯೂಟ್ರಾನ್‌ಗಳಲ್ಲಿ 71.1 ಇಂಧನಕ್ಕೆ ಹೋದವು. ರಾಡ್ ಬಂದು ಇನ್ನೊಂದೇ ಒಂದರಷ್ಟು ಹೀರುವಿಕೆ ಸೇರಿಸಿದರೆ 71.1/101, ಅಂದರೆ f 0.704. ಆಗ k 0.990. ರಿಯಾಕ್ಟರನ್ನು ಹಿಡಿತದಲ್ಲಿಡಲು ನೆರವಾಗುವ, ಯುರೇನಿಯಂ-235ರಲ್ಲಿ ತಡವಾಗಿ ಹುಟ್ಟುವ ನ್ಯೂಟ್ರಾನ್‌ಗಳ ಪಾಲೇ ಸುಮಾರು 0.0065, ಈ ಇಳಿತ ಅದಕ್ಕಿಂತ ಜಾಸ್ತಿ. ಅದಕ್ಕೇ ಬೋರಾನ್ ಲೆಕ್ಕದಲ್ಲಿ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು, f ಒಂದೇ ಅನ್ನುವುದು ಮುಕ್ಕಾಲು ಪಾಲು ಸರಿ ಅಷ್ಟೇ. ಇನ್ನೂ ನಿಧಾನವಾಗುತ್ತಿರುವ ನ್ಯೂಟ್ರಾನ್‌ಗಳಲ್ಲೂ ಕೆಲವನ್ನು ಬೋರಾನ್ ಹಿಡಿಯುತ್ತದೆ, p ಸ್ವಲ್ಪ ಇಳಿಯುತ್ತದೆ. ನಡುವಿನ ರಾಡ್ ಆದರೆ ನ್ಯೂಟ್ರಾನ್‌ಗಳು ಅಂಚಿನ ಕಡೆ ಸರಿದು ಸೋರಿಕೆಯೂ ಹೆಚ್ಚುತ್ತದೆ.

ಇನ್ನೊಬ್ಬರು: ಮೇಡಂ, ನಮ್ಮ ಸಿಮ್ಯುಲೇಟರ್‌ನಲ್ಲಿ ರಾಡ್ ಎತ್ತಿದೆ, ನ್ಯೂಟ್ರಾನ್ ಕೌಂಟ್ ಏರಿ ನಿಂತಿತು. ಕ್ರಿಟಿಕಲ್ ಆಯ್ತು, ಅಂದರೆ k 1 ಮುಟ್ಟಿತು ಅಂದೆ, ತರಬೇತಿದಾರರು ನಕ್ಕರು!

ರಿಯಾಕ್ಟರ್ ಫಿಸಿಕ್ಸ್‌ನಲ್ಲಿ ಕೆಲಸ ಮಾಡುವವರು: ಅದು ಬೇರೆ ಪ್ರಶ್ನೆ, ಆದರೂ ಹೇಳುತ್ತೇನೆ. ಬೇರೆಯಾಗಿ ನ್ಯೂಟ್ರಾನ್ ಕೊಡುತ್ತಿರುವ ಮೂಲ ಒಳಗಿರುವಾಗ ಕೌಂಟ್ 1/(1−k)ಗೆ ತಕ್ಕಂತೆ ನಿಲ್ಲುತ್ತದೆ. k 0.95 ಇದ್ದರೆ 20 ಪಟ್ಟು, 0.98 ಆದರೆ 50 ಪಟ್ಟು. ಏರಿ ನಿಂತರೆ k ಇನ್ನೂ 1ಕ್ಕಿಂತ ಕೆಳಗೇ ಇದೆ ಅಂತಲೇ ಅರ್ಥ. k ಸರಿಯಾಗಿ 1 ಇದ್ದು ಮೂಲವೂ ಒಳಗಿದ್ದರೆ ಅದು ನಿಲ್ಲದೆ ಏರುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರು: ಹೊರ ಪದರ ಮಾತ್ರ ಲೆಕ್ಕಕ್ಕೆ ತಗೊಂಡೆ. ಈಗ ಅಳತೆಗಿಂತ ಸ್ವಲ್ಪ ಕಡಿಮೆ ಬೀಳುತ್ತಿದೆ. ರಾಡ್ ಅರ್ಧ ಮಾತ್ರ ಒಳಗಿತ್ತು, ಅದರ ಬೆಲೆ, ಅಂದರೆ k ಇಳಿಸುವ ಶಕ್ತಿ, ಅರ್ಧ ಅಂತ ಇಟ್ಟೆ.

ರಿಯಾಕ್ಟರ್ ಫಿಸಿಕ್ಸ್‌ನಲ್ಲಿ ಕೆಲಸ ಮಾಡುವವರು: ಅರ್ಧ ಉದ್ದಕ್ಕೆ ಅರ್ಧ ಬೆಲೆ ಬರುವುದು ಮೇಲೆ ಕೆಳಗೆ ಒಂದೇ ರೀತಿ ಇರುವ ಕೋರ್‌ನಲ್ಲಿ ಮಾತ್ರ. ತುದಿಯ ಒಂದು ಸೆಂಟಿಮೀಟರ್‌ಗಿಂತ ನಡುವಿನ ಒಂದು ಸೆಂಟಿಮೀಟರ್ ಎಷ್ಟೋ ಪಟ್ಟು ಬೆಲೆಬಾಳುತ್ತದೆ. ಅಂದಹಾಗೆ ರಾಡ್ ಮೇಲೆದ್ದಾಗ ಆ ಜಾಗಕ್ಕೆ ನೀರು ಬರುತ್ತದಾ, ಇಂಧನವಾ? ಅದು ಗೊತ್ತಾಗದೆ ಮುಂದಿನದು ಹೇಳಲಾರೆ.

ಪ್ರಶ್ನೆ ಕೇಳಿದವರು: ಅದು ನೋಡಿಲ್ಲ. ಡ್ರಾಯಿಂಗ್ ಸಿಕ್ಕರೆ ಹಾಕುತ್ತೇನೆ.