ಬಜೆಟ್ ಮೊತ್ತ ತಾಳೆ ಆಗ್ತಿಲ್ಲ, 25,974 ವ್ಯತ್ಯಾಸ. ಯಾರಾದ್ರೂ ನೋಡಿ ಪ್ಲೀಸ್

ಕಡತದಾಸ
ಮೂರು ದಿನದಿಂದ ಇದೇ ಗೋಳು. ಪ್ರಾಜೆಕ್ಟ್ ಪ್ರಸ್ತಾವನೆಯ ವರ್ಡ್ ಫೈಲಿನಲ್ಲಿ ಒಟ್ಟು ವೆಚ್ಚ 186,300 ಯೂರೋ ಅಂತಿದೆ. ಎಕ್ಸೆಲ್ ಹಾಳೆಯಲ್ಲಿ 160,326 ಬರ್ತಿದೆ. SUM ವ್ಯಾಪ್ತಿ ನೋಡಿದೆ, ಎಲ್ಲ ಸಾಲೂ ಒಳಗಿವೆ. ಬಚ್ಚಿಟ್ಟ ಸಾಲು ಯಾವುದೂ ಇಲ್ಲ. ಪ್ರಿಂಟ್ ತೆಗೆದು ಪೆನ್ನು ಹಿಡಿದು ಒಂದೊಂದಕ್ಕೂ ಟಿಕ್ ಹಾಕಿದೆ, ಎಲ್ಲ ಸರಿಯಾಗೇ ಇದೆ. ನಾಡಿದ್ದು ಸಲ್ಲಿಸಬೇಕು. ಎಕ್ಸೆಲ್‌ಗೇ ಏನಾದ್ರೂ ಬಡಿದಿದೆಯಾ?

ಹಳೇಲೆಡ್ಜರ್
ಎಕ್ಸೆಲ್ ಬೈಯಬೇಡಿ. 186,300ರಲ್ಲಿ 160,326 ಕಳೆದರೆ 25,974. ಅದರ ಅಂಕಿಗಳನ್ನು ಕೂಡಿ: 2+5+9+7+4 = 27. ಅಂದರೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತೆ. ಇದು ಅಂಕಿ ಅದಲುಬದಲು, ಬೇರೇನಲ್ಲ. 54 ಬರೆಯೋ ಕಡೆ 45 ಬರೆದಿದ್ದೀರಿ. ಲೆಡ್ಜರ್ ಕಾಲದಿಂದ ನೋಡ್ತಾ ಬಂದಿದ್ದೀನಿ, ಈ ಲೆಕ್ಕ ಒಂದು ಸಲಾನೂ ಕೈ ಕೊಟ್ಟಿಲ್ಲ. ಸಾಲು ಸಾಲಾಗಿ ಜೋರಾಗಿ ಓದಿಸಿ, ಇನ್ನೊಬ್ಬರು ಕೇಳಿಸಿಕೊಳ್ಳಲಿ.

ಕಡತದಾಸ
ಸರ್, ಓದಿಸಿದೆ. ಎರಡು ಸಲ. 140 ಸಾಲು. ಸಿಗಲಿಲ್ಲ.

ಹಳೇಲೆಡ್ಜರ್
ಮೂರನೇ ಸಲ ಕೆಳಗಿನಿಂದ ಮೇಲಕ್ಕೆ ಓದಿ. ಮೇಲಿನಿಂದ ಓದಿದರೆ ಕಣ್ಣು ತಾನು ಅಂದುಕೊಂಡಿದ್ದನ್ನೇ ಓದಿಬಿಡುತ್ತೆ.

ಅಳತೆಗೋಲು
ನನಗೂ ಹೀಗೇ ಆಗಿತ್ತು. ಕೊನೆಗೆ ನೋಡಿದರೆ ಒಂದು ಕೋಷ್ಟಕದಲ್ಲಿ ಕಿಲೋವ್ಯಾಟ್, ಇನ್ನೊಂದರಲ್ಲಿ ಕಿಲೋವ್ಯಾಟ್‌ಗಂಟೆ. ತಲೆಬರಹ ಎರಡರಲ್ಲೂ "ಸಾಮರ್ಥ್ಯ" ಅಂತಲೇ ಇತ್ತು. ನೀವೂ ಏಕಮಾನ ನೋಡಿ. ನಿಮ್ಮದು ಸೌರ ಘಟಕಾನಾ?

ಕಡತದಾಸ
ಅಲ್ಲ, ತರಬೇತಿ ಮತ್ತು ಸಲಕರಣೆ. ಎಲ್ಲಾ ದುಡ್ಡಿನ ಲೆಕ್ಕಾನೇ.

ಸೂತ್ರಧಾರ
ಮೂರು ಪ್ರಶ್ನೆ. 140 ಸಾಲನ್ನೂ ನೀವೇ ಟೈಪ್ ಮಾಡಿದ್ದಾ, ಅಥವಾ ಬೇರೆಯವರಿಂದ ಬಂದ ಸಾಲುಗಳಿವೆಯಾ? 186,300 ಎಲ್ಲಿಂದ ಬಂತು? ನೀವು ಪ್ರಿಂಟ್ ತೆಗೆದು ಟಿಕ್ ಹಾಕಿದ್ದು ಯಾವುದರ ಎದುರು ಇಟ್ಟುಕೊಂಡು?

ಕಡತದಾಸ
ಓ, ಅದು ಹೇಳಬೇಕಿತ್ತಾ? ಇಟಲಿಯ ಪಾಲುದಾರ ಸಂಸ್ಥೆಯವರ ನಾಲ್ಕು ಸಾಲು ಸಿಎಸ್‌ವಿ ಫೈಲಿನಲ್ಲಿ ಬಂದಿತ್ತು, ತೆರೆದು ಅಂಟಿಸಿದೆ. ಅವರ ಪತ್ರದಲ್ಲಿ ಅವರ ಪಾಲು 27,550 ಅಂತ ಇತ್ತು. ನಮ್ಮದು 158,750. ಎರಡೂ ಕೂಡಿ 186,300 ಅಂತ ವರ್ಡ್‌ನಲ್ಲಿ ಹಾಕಿದ್ದು. ಟಿಕ್ ಹಾಕಿದ್ದು ಅವರ ಸಾಲಿಗೆ ಅವರ ಸಿಎಸ್‌ವಿ ಪ್ರಿಂಟ್ ನೋಡಿಕೊಂಡು. ಅಲ್ಲೂ 18.000, ಇಲ್ಲೂ 18.000. ಅಲ್ಲೂ 8.000, ಇಲ್ಲೂ 8.000. ಉಳಿದೆರಡು 950, 600.

ಸೂತ್ರಧಾರ
ಸಿಕ್ಕಿತು. ಇಟಲಿಯಲ್ಲಿ ಸಾವಿರಕ್ಕೆ ಚುಕ್ಕಿ ಹಾಕ್ತಾರೆ, ದಶಮಾಂಶಕ್ಕೆ ಅಲ್ಪವಿರಾಮ. ಅವರ 18.000 ಅಂದರೆ ಹದಿನೆಂಟು ಸಾವಿರ. ನಿಮ್ಮ ಎಕ್ಸೆಲ್ ಅದನ್ನು ಬರೀ ಹದಿನೆಂಟು ಅಂತ ಓದಿದೆ. 8.000 ಹೋಗಿ ಎಂಟಾಗಿದೆ. ಲೆಕ್ಕ ಹಾಕಿ: 26,000 ಇರಬೇಕಾದ ಕಡೆ 26 ಇದೆ, ವ್ಯತ್ಯಾಸ 25,974. 950, 600ಕ್ಕೆ ಚುಕ್ಕಿಯೇ ಇಲ್ಲ, ಅದಕ್ಕೇ ಅವು ಬಚಾವ್.

ಆದರೆ ಒಂದು ಅರ್ಥವಾಗ್ತಿಲ್ಲ. ಸಿಎಸ್‌ವಿ ತೆರೆದಾಗ ಎಕ್ಸೆಲ್ 18 ಅಂತ ತೋರಿಸಬೇಕಿತ್ತು. ನಿಮ್ಮ ಹಾಳೆಯಲ್ಲಿ 18.000 ಹೇಗೆ ಕಾಣ್ತಿದೆ?

ಕಡತದಾಸ
ಹೇಳೋಕೆ ನಾಚಿಕೆ ಆಗ್ತಿದೆ. ತೆರೆದಾಗ 18 ಅಂತಲೇ ಇತ್ತು. ಅವರು ಕಳಿಸಿದ ಹಾಗೆ ಕಾಣ್ತಿಲ್ಲವಲ್ಲ ಅಂತ Increase Decimal ಬಟನ್ ಮೂರು ಸಲ ಒತ್ತಿದೆ. 😐

ರಾತ್ರಿಪಾಳಿ
😂😂 ರೋಗಿಗೆ ಜ್ವರ ಅಂತ ಥರ್ಮಾಮೀಟರ್ ತಿದ್ದಿದ ಹಾಗಾಯ್ತು.

ಹಳೇಲೆಡ್ಜರ್
ಇರಲಿ. ಆದರೆ 9ರಿಂದ ಭಾಗವಾಗಿದ್ದು ನಿಜ ತಾನೇ? ಅದಲುಬದಲೂ ಇದ್ದೇ ಇರುತ್ತೆ, ಹುಡುಕಿ.

ಸೂತ್ರಧಾರ
ಲೆಡ್ಜರ್ ಸರ್, ಗೌರವದಿಂದಲೇ ಹೇಳ್ತೀನಿ. 9ರ ಲೆಕ್ಕ ಸರಿ, ಅದರಿಂದ ನೀವು ತೆಗೆದ ತೀರ್ಮಾನ ಸರಿಯಲ್ಲ. ಅಕ್ಕಪಕ್ಕದ ಎರಡು ಅಂಕಿ ಒಂದು ಸಲ ಅದಲುಬದಲಾದರೆ ವ್ಯತ್ಯಾಸ 9, 18, 27 ಹೀಗೆ 81ರವರೆಗಿನ ಒಂದು ಸಂಖ್ಯೆ, ಬೇಕಾದರೆ ಹಿಂದೆ ಸೊನ್ನೆಗಳು. 25,974 ಆ ಆಕಾರದಲ್ಲಿಲ್ಲ. ಸ್ಥಾನ ಜಾರಿದಾಗಲೂ ವ್ಯತ್ಯಾಸ 9ರಿಂದ ಭಾಗವಾಗುತ್ತೆ. ಹತ್ತು ಪಟ್ಟು ಜಾರಿದರೆ 9ರ ಗುಣಕ, ಸಾವಿರ ಪಟ್ಟು ಜಾರಿದರೆ 999ರ ಗುಣಕ. 25,974ನ್ನು 999ರಿಂದ ಭಾಗಿಸಿ, ಸರಿಯಾಗಿ 26 ಬರುತ್ತೆ. ಎಷ್ಟು ಕುಗ್ಗಿದೆ ಅನ್ನೋದನ್ನೇ ಅದು ಹೇಳಿಬಿಡುತ್ತೆ. ಹೊರಗಿನಿಂದ ಬಂದ ಸಾಲು ಇದೆ ಅಂದರೆ ನಾನು 9ರ ಮೊದಲು 999 ಪ್ರಯತ್ನಿಸ್ತೀನಿ.

ಇದಕ್ಕೂ ಮಿತಿ ಇದೆ. ಅವರ ಸಾಲು 18.250 ಅಂತಿದ್ದಿದ್ದರೆ 18,250 ಹೋಗಿ 18.25 ಆಗ್ತಿತ್ತು, ವ್ಯತ್ಯಾಸ 18,231.75. ಆಗಲೂ 999ರಿಂದ ಭಾಗಿಸಿದರೆ 18.25 ಸಿಗುತ್ತೆ, ಆದರೆ ಅಂಕಿ ಕೂಡಿ ನೋಡೋಕೆ ಕೂತರೆ ಗೊಂದಲ. ಅದರ ಮೇಲೆ ಇನ್ನೊಂದು ತಪ್ಪೂ ಸೇರಿದ್ದರೆ ಯಾವ ಭಾಗಾಕಾರವೂ ಕೈ ಹಿಡಿಯಲ್ಲ.

ಕೋಶಕನ್ಯೆ
ಸುಲಭ ಇದೆ. ಆ ಅಂಕಣಕ್ಕೆ ಇದು ಹಾಕಿ ಮುಗೀತು:

```
=NUMBERVALUE(C5,",",".")
```

ಸೂತ್ರಧಾರ
ಬೇಡ ಬೇಡ! ಮೂಲ ಪಠ್ಯ ಪಠ್ಯವಾಗಿಯೇ ಉಳಿದಿದ್ದರೆ ಸರಿ, "18.000" ಹೋಗಿ 18000 ಆಗುತ್ತೆ. ಇಲ್ಲಿ ಕೋಶದಲ್ಲಿ ಈಗಾಗಲೇ ಸಂಖ್ಯೆ 18 ಕೂತಿದೆ. ಸೂತ್ರ ಹಾಕಿದರೂ 18ಏ. ಅದಕ್ಕಿಂತ ಕೆಟ್ಟದ್ದು: ಅವರದ್ದು 8.500 ಇದ್ದಿದ್ದರೆ ಕೋಶದಲ್ಲಿ 8.5 ಇರುತ್ತಿತ್ತು, ಈ ಸೂತ್ರ ಅದರ ಚುಕ್ಕಿ ಕಿತ್ತು 85 ಮಾಡುತ್ತೆ. 8,500ಊ ಅಲ್ಲ, 8.5ಊ ಅಲ್ಲ. ಸೊನ್ನೆ ಒಮ್ಮೆ ಕಳೆದುಹೋದರೆ ಮರಳಿ ಬರಲ್ಲ, ಮೂಲ ಫೈಲಿಗೇ ಹೋಗಬೇಕು.

ದಾಸರೇ, ಹೀಗೆ ಮಾಡಿ. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಬೇಡಿ. ಹೊಸ ಹಾಳೆಯಲ್ಲಿ Data > From Text/CSV, ಆಮೇಲೆ Transform Data. ಎಕ್ಸೆಲ್ ತಾನಾಗಿಯೇ Changed Type ಅಂತ ಒಂದು ಹೆಜ್ಜೆ ಸೇರಿಸಿರುತ್ತೆ, ಬಲಗಡೆ ಪಟ್ಟಿಯಲ್ಲಿ ಅದನ್ನು ಮೊದಲು ಅಳಿಸಿ. ಅದು ಉಳಿದರೆ ಸಂಖ್ಯೆ ಅಲ್ಲೇ ಕೆಟ್ಟಿರುತ್ತೆ. ಆಮೇಲೆ ಮೊತ್ತದ ಅಂಕಣದ ಮೇಲೆ ಬಲ ಕ್ಲಿಕ್, Change Type > Using Locale, ಭಾಷೆ Italian (Italy).

ಕೋಶಕನ್ಯೆ
ಓಹ್, ಸರಿ. ನಾನು ಯಾವಾಗಲೂ ಪಠ್ಯವಾಗಿ ಅಂಟಿಸಿಕೊಳ್ತೀನಿ, ಅದಕ್ಕೇ ನನಗೆ ಕೆಲಸ ಮಾಡುತ್ತೆ.

ಅಳತೆಗೋಲು
ಈ ಚುಕ್ಕಿ ಜಗಳವೇ ಬೇಡ ಅಂತಲ್ಲವಾ ತೂಕ ಅಳತೆಯ ಸಾಮಾನ್ಯ ಸಮ್ಮೇಳನ 1948ರಲ್ಲೇ, ಮತ್ತೆ 2003ರಲ್ಲಿ ಹೇಳಿದ್ದು? ಮೂರು ಮೂರು ಅಂಕಿಯ ನಡುವೆ ಬರೀ ಖಾಲಿ ಜಾಗ ಬಿಡಿ, ಚುಕ್ಕಿಯೂ ಬೇಡ ಅಲ್ಪವಿರಾಮವೂ ಬೇಡ. 18 000. ಎಲ್ಲರಿಗೂ ಒಂದೇ ಅರ್ಥ.

ರಾತ್ರಿಪಾಳಿ
ಓದೋಕೆ ಚೆನ್ನಾಗಿದೆ. ಅದನ್ನೇ ವರ್ಡ್‌ನಿಂದ ನಕಲು ಮಾಡಿ ಎಕ್ಸೆಲ್‌ಗೆ ಅಂಟಿಸಿ ನೋಡಿ. ನಡುವೆ ಇರೋದು ಸಾಲು ಒಡೆಯದ ಖಾಲಿ ಜಾಗ ಆಗಿದ್ದರೆ ಪಠ್ಯವಾಗಿ ಕೂರುತ್ತೆ, SUM ಸದ್ದಿಲ್ಲದೆ ಅದನ್ನು ಬಿಟ್ಟು ಮುಂದೆ ಹೋಗುತ್ತೆ. ತಪ್ಪಿನ ಸಂದೇಶವೂ ಬರಲ್ಲ.

ಅಳತೆಗೋಲು
ಅದು ನಿಯಮದ ತಪ್ಪಲ್ಲ, ಎಕ್ಸೆಲ್ ತಪ್ಪು.

ರಾತ್ರಿಪಾಳಿ
ಸಲ್ಲಿಸೋ ದಿನ ಯಾರ ತಪ್ಪಾದರೇನು ಮಾರಾಯ್ರೆ. ನಾನಂತೂ ಎರಡು ಮಾನಿಟರ್, ಒಂದರಲ್ಲಿ ಬರೀ ಮೂಲ ಫೈಲ್ ನೋಟ್‌ಪ್ಯಾಡ್‌ನಲ್ಲಿ. ಪಕ್ಕಕ್ಕೆ ಬೇರೆ ನಂಬರ್ ಕೀಪ್ಯಾಡ್, ಮೆಕ್ಯಾನಿಕಲ್. ಟಕ ಟಕ ಅಂತ ಸದ್ದು ಬಂದರೇನೇ ಲೆಕ್ಕ ಸರಿ ಹೋಗೋದು.

ಹಳೇಲೆಡ್ಜರ್
ನನ್ನ ಹತ್ರ ಇನ್ನೂ ಪೇಪರ್ ರೋಲ್ ಕ್ಯಾಲ್ಕುಲೇಟರ್ ಇದೆ. ಪಟ್ಟಿ ಹರಿದು ಹಾಳೆಗೆ ಪಿನ್ ಮಾಡ್ತೀನಿ. ಆ ಪಟ್ಟಿಯಲ್ಲಿ ಯಾವ ಚುಕ್ಕಿಯೂ ಜಾರಲ್ಲ.

ಕಡತದಾಸ
ಸೂತ್ರಧಾರ ಸರ್, ಹೇಳಿದ ಹಾಗೆ ಮಾಡಿದೆ, 186,300 ಬಂತು! ತುಂಬಾ ಥ್ಯಾಂಕ್ಸ್. ಇನ್ನೊಂದು ಸಣ್ಣ ವಿಷಯ. ಅವರದ್ದೇ ವೇಳಾಪಟ್ಟಿಯಲ್ಲಿ ಎರಡನೇ ಹಂತ ಮುಗಿದ ದಿನದಿಂದ ಮೂರನೇ ಹಂತ ಮುಗಿಯೋವರೆಗೆ ಎಷ್ಟು ದಿನ ಅಂತ ಕಳೆದರೆ ಮೈನಸ್ 77 ಬರ್ತಿದೆ. ಇದೂ ಚುಕ್ಕಿ ಸಮಸ್ಯೆನಾ?

ಸೂತ್ರಧಾರ
ಇಲ್ಲ, ಇದು ಅದರ ತಮ್ಮ. ಅವರು ಕಳಿಸಿದ ದಿನಾಂಕಗಳನ್ನು ಇದ್ದ ಹಾಗೇ ಹಾಕಿ.

ಕಡತದಾಸ
05/03/2026, 12/06/2026, 20/09/2026. ಮೊದಲೆರಡು ತಾನಾಗಿ ಬಂತು. ಮೂರನೆಯದರ ಮುಂದೆ #VALUE! ಅಂತ ಬರ್ತಿತ್ತು, ಅದೊಂದನ್ನು ಕೈಯಲ್ಲಿ ಸೆಪ್ಟೆಂಬರ್ 20 ಅಂತ ಹಾಕಿ ಸರಿ ಮಾಡಿದೆ.

ಸೂತ್ರಧಾರ
ನೀವು ಸರಿ ಮಾಡಿದ್ದು ಒಂದೇ ಒಂದು ಸರಿಯಾದ ಎಚ್ಚರಿಕೆಯನ್ನು. ನಿಮ್ಮ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದೆ, ತಿಂಗಳು ಮೊದಲು. 05/03 ಮೇ 3 ಆಯ್ತು, 12/06 ಡಿಸೆಂಬರ್ 6 ಆಯ್ತು. 20ನೇ ತಿಂಗಳು ಇಲ್ಲವಲ್ಲ, ಅದಕ್ಕೇ ಮೂರನೆಯದು ಪಠ್ಯವಾಗಿ ಉಳಿಯಿತು. ಡಿಸೆಂಬರ್ 6ರಿಂದ ಸೆಪ್ಟೆಂಬರ್ 20ಕ್ಕೆ ಹಿಂದಕ್ಕೆ 77 ದಿನ. ಸರಿಯಾಗಿ ಓದಿದರೆ ಜೂನ್ 12ರಿಂದ ಸೆಪ್ಟೆಂಬರ್ 20, 100 ದಿನ.

ಒಂದೇ ಅಂಕಣದಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ಅಂತ ಗೊತ್ತಾಗುತ್ತೆ. ನಿಮಗೆ ಯಾಕೆ ಕಾಣಲಿಲ್ಲ?

ಕಡತದಾಸ
ನೋಡೋಕೆ ಚೆನ್ನಾಗಿರಲಿ ಅಂತ ಇಡೀ ಹಾಳೆ ಸೆಂಟರ್ ಮಾಡಿದ್ದೆ.

ರಾತ್ರಿಪಾಳಿ
🙏

ಸೂತ್ರಧಾರ
ಸೆಂಟರ್ ತೆಗೀರಿ. ಪಕ್ಕದಲ್ಲಿ ಒಂದು ತಾತ್ಕಾಲಿಕ ಅಂಕಣ ಹಾಕಿ:

```
=IF(ISTEXT(B2),"ಪಠ್ಯ",TEXT(B2,"dd-mmm-yyyy"))
```

ತಿಂಗಳು ಅಕ್ಷರದಲ್ಲಿ ಬಂದ ತಕ್ಷಣ ತಪ್ಪು ಕಣ್ಣಿಗೆ ಹೊಡೆಯುತ್ತೆ. ವರ್ಡ್‌ನಲ್ಲೂ ತಿಂಗಳ ಹೆಸರನ್ನೇ ಬರೀರಿ, ಇಲ್ಲವೇ ಎಲ್ಲ ಕಡೆ 2026-06-12 ಅಂತ. ಎರಡೂ ಬೆರೆಸಬೇಡಿ.

ಕೋಶಕನ್ಯೆ
ನಾನಾಗಿದ್ದರೆ ಒಟ್ಟು ಮೊತ್ತವನ್ನು 1,86,300 ಅಂತ ಬರೀತಿದ್ದೆ, ನಮಗೆ ಓದೋಕೆ ಸಲೀಸು.

ರಾತ್ರಿಪಾಳಿ
ಓದೋದು ನಾವಲ್ಲ, ದುಡ್ಡು ಕೊಡೋರು. ಲಕ್ಷದ ಅಲ್ಪವಿರಾಮ ಒಂದು ಕೋಷ್ಟಕದಲ್ಲಿ, ಸಾವಿರದ್ದು ಇನ್ನೊಂದರಲ್ಲಿ ಇದ್ದರೆ ಒಂದು ಅಂಕಿ ಬಿಟ್ಟುಹೋಗಿದೆ ಅಂದ್ಕೊಳ್ತಾರೆ. ಹಾಗೇ "0.19 M" ಅಂತೆಲ್ಲ ಸಂಕ್ಷೇಪ ಮಾಡಬೇಡಿ, ಕೆಲವು ಹಣಕಾಸಿನವರು M ಅಂದರೆ ಸಾವಿರ, MM ಅಂದರೆ ಮಿಲಿಯನ್ ಅಂತ ಓದ್ತಾರೆ.

ಅಳತೆಗೋಲು
ಏನು ಹೇಳ್ತೀರಿ, M ಅಂದರೆ ಮೆಗಾ. ಹತ್ತು ಲಕ್ಷ. ಅದರಲ್ಲಿ ಎರಡು ಮಾತಿಲ್ಲ.

ರಾತ್ರಿಪಾಳಿ
ರೋಮನ್ ಅಂಕಿಯಲ್ಲಿ M ಎಷ್ಟು? ಅಲ್ಲಿಂದ ಬಂದಿದ್ದು ಅಂತಾರೆ. ನೀವು ಒಪ್ಪದಿದ್ದರೂ ಅವರು ಹಾಗೇ ಬರೀತಾರೆ.

ಸೂತ್ರಧಾರ
ಇದನ್ನು ಬೇರೆ ಚರ್ಚೆಯಲ್ಲಿ ಹೊಡೆದಾಡಿ. ದಾಸರೇ, ಒಂದು ಉಳಿದಿದೆ. ಅವರ 950 ಮತ್ತು 600ರ ಸಾಲಿನಲ್ಲಿ ಏಕಮಾನದ ಅಂಕಣ ಏನು ಹೇಳುತ್ತೆ? ತರಬೇತಿಗೆ 950 ಅಂದರೆ ಒಟ್ಟಾ, ದಿನಕ್ಕಾ?

ಕಡತದಾಸ
ಏಕಮಾನದ ಅಂಕಣ ಖಾಲಿ ಇದೆ. ಪತ್ರದ 27,550ಕ್ಕೆ ತಾಳೆ ಆಗ್ತಿದೆಯಲ್ಲ, ಒಟ್ಟೇ ಇರಬೇಕು?

ಸೂತ್ರಧಾರ
ಅವರು ಪತ್ರದ ಮೊತ್ತವನ್ನೂ ಇದೇ ಅಂಕಣ ಕೂಡಿ ಬರೆದಿದ್ದರೆ ತಾಳೆ ಆಗಲೇಬೇಕು, ಅದರಿಂದ ಏನೂ ಸಾಬೀತಾಗಲ್ಲ. ಕೇಳಿ.

ಕಡತದಾಸ
ಮೇಲ್ ಹಾಕಿದ್ದೀನಿ. ಇನ್ನೂ ಉತ್ತರ ಇಲ್ಲ, ಅಲ್ಲಿ ಈಗ ರಾತ್ರಿ.

ಹಳೇಲೆಡ್ಜರ್
77 ಮಾತ್ರ 9ರಿಂದ ಭಾಗವಾಗಲಿಲ್ಲ ನೋಡಿ. ದಿನಾಂಕ ಅಂತ ನನಗೆ ಆಗಲೇ ಅನುಮಾನ ಬಂದಿತ್ತು.