ಸಹಾಯ ಬೇಕು: ಪಿಎಸ್5ರ ಹಾರ್ಡ್ ಡಿಸ್ಕ್‌ನಲ್ಲಿ ಯಾವ ಆಟಗಳನ್ನು ಇಡಬಹುದು?

ಎಲ್ಲರಿಗೂ ನಮಸ್ಕಾರ. ನನ್ನ ಪಿಎಸ್5ರ ಒಳಗಿನ 825 ಜಿಬಿ ಸಂಗ್ರಹ ತುಂಬಿದ್ದರಿಂದ, 2 ಟಿಬಿಯ ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ಹಿಂಬದಿಯ ಯುಎಸ್‌ಬಿ ಪೋರ್ಟ್‌ಗೆ ನೇರವಾಗಿ ಜೋಡಿಸಿ ಫಾರ್ಮ್ಯಾಟ್ ಮಾಡಿದ್ದೇನೆ. ಪಿಎಸ್5 ಆಟಗಳನ್ನು ಅದರಲ್ಲಿ ಇರಿಸಬಹುದೇ ಹೊರತು ಅಲ್ಲಿಂದಲೇ ಆಡಲಾಗದು ಎಂಬುದು ನನಗೆ ತಿಳಿದಿದೆ. ಆಡಬೇಕಾದಾಗ ಒಳಗೆ ನಕಲು ಮಾಡಿಕೊಳ್ಳುತ್ತೇನೆ, ಮತ್ತೆ ಡೌನ್‌ಲೋಡ್ ಮಾಡುವುದಕ್ಕಿಂತ ಅದೇ ಬೇಗ.

ನನ್ನ ಪ್ರಶ್ನೆ ಆ ಹಾರ್ಡ್ ಡಿಸ್ಕ್‌ನಿಂದಲೇ ಆಡಬಹುದಾದ ಪಿಎಸ್4 ಆಟಗಳ ಬಗ್ಗೆ. ಸರದಿಯ ಪ್ರಕಾರ ಆಡುವ ಆಟಗಳೂ 2ಡಿ ಆಟಗಳೂ ಆರಂಭದಲ್ಲಿ ಸ್ವಲ್ಪ ಕಾಯಿಸಿ, ಅನಂತರ ಯಾವ ತೊಂದರೆಯನ್ನೂ ಕೊಡುವುದಿಲ್ಲ, ಏಕೆಂದರೆ ಬೇಕಾದ ದತ್ತಾಂಶವೆಲ್ಲ ಆ ವೇಳೆಗೆ ಮೆಮೊರಿಗೆ ಬಂದಿರುತ್ತದೆ. ಆದರೆ ಒಂದು ಓಪನ್ ವರ್ಲ್ಡ್ ಆಟದಲ್ಲಿ ಕಾರನ್ನು ವೇಗವಾಗಿ ಓಡಿಸಿದರೆ ಮುಂದಿನ ಕಟ್ಟಡದ ಗೋಡೆ ಮೊದಲು ಮಸುಕಾದ ಬಣ್ಣದ ಪಟ್ಟಿಯಂತೆ ಕಂಡು, ನಾನು ಅದರ ಪಕ್ಕಕ್ಕೆ ಬಂದ ಮೇಲೆ ಇಟ್ಟಿಗೆಗಳು ಮೂಡುತ್ತವೆ. ಅದೇ ಆಟವನ್ನು ಒಳಗಿನ ಎಸ್‌ಎಸ್‌ಡಿಗೆ ವರ್ಗಾಯಿಸಿದಾಗ ಈ ದೋಷ ಕಾಣಲಿಲ್ಲ. ಹಾಗಾಗಿ ಡಿಸ್ಕ್‌ನ ಹೆಡ್ ಚದುರಿದ ಸಣ್ಣ ಕಡತಗಳನ್ನು ಹುಡುಕುತ್ತ ಅಲೆಯುವುದೇ ಕಾರಣವೆಂದು ನನ್ನ ಊಹೆ.

ಇಂತಹ ಆಟಗಳಿಗೆ ಯುಎಸ್‌ಬಿ ಮೂಲಕ ಜೋಡಿಸುವ ಸಾಧಾರಣ ಸಾಟಾ ಎಸ್‌ಎಸ್‌ಡಿ ಸಾಕಾಗುತ್ತದೆಯೇ? ಎರಡನ್ನೂ ಬಳಸಿದವರು, ಯಾವ ಬಗೆಯ ಆಟಗಳನ್ನು ಹಾರ್ಡ್ ಡಿಸ್ಕ್‌ನಲ್ಲೇ ಉಳಿಸಿಕೊಂಡಿದ್ದೀರಿ ಎಂದು ದಯವಿಟ್ಟು ತಿಳಿಸಿ.